ಖೋಟಾ ನೋಟಿನ ಪಾಠಕ್ಕೆ 46 ಸ್ಲೈಡ್ ಯಾಕೆ?

ಪ್ರಶ್ನೆ: ನಮ್ಮ ಬ್ಯಾಂಕಿಗೆ ಹೊಸದಾಗಿ ಸೇರಿದ 22 ಕ್ಲರ್ಕ್‌ಗಳಿಗೆ ಖೋಟಾ ನೋಟಿನ ನಿಯಮ ಹೇಳಿಕೊಡೋ ಕೆಲಸ ನನ್ನ ತಲೆಗೆ ಬಿದ್ದಿದೆ. ಆರ್‌ಬಿಐ ಸೂಚನೆ ಇಟ್ಟುಕೊಂಡು 46 ಸ್ಲೈಡ್ ಮಾಡಿದೆ. ಹೋದ ತಂಡಕ್ಕೆ ತೋರಿಸಿದಾಗ ಅರ್ಧ ಜನ ಫೋನ್ ನೋಡ್ತಾ ಕೂತಿದ್ರು. ನನಗಿರೋದು ಒಂದೂವರೆ ಗಂಟೆ. ಕೌಂಟರಲ್ಲಿ ಕೂತಾಗ ನೆನಪಿಗೆ ಬರೋ ಹಾಗೆ, ಹಂತ ಹಂತವಾಗಿ ಹೇಗೆ ಮಾಡಲಿ?

ಉತ್ತರ: ತರಬೇತಿ ಕೊಡುತ್ತಿದ್ದ ದಿನಗಳಲ್ಲಿ ನಾನು ಒಂದು ಆಟ ಆಡಿಸುತ್ತಿದ್ದೆ. ಎಲ್ಲ ಸ್ಲೈಡ್ ಮುಗಿದ ಮೇಲೆ ಮೇಜಿನ ಆಚೆ ಒಬ್ಬರನ್ನು ಕ್ಯಾಷಿಯರ್ ಮಾಡಿ ಕೂರಿಸುವುದು. ನಾನು ಗಿರಾಕಿ. ನೋಟಿನ ಅಳತೆಗೆ ಕತ್ತರಿಸಿದ ಕಾಗದದ ಕಟ್ಟು ಕೊಡುತ್ತಿದ್ದೆ, ಅದರಲ್ಲಿ ಒಂದರ ಮೇಲೆ 'ಖೋಟಾ' ಎಂದು ಬರೆದಿರುತ್ತಿತ್ತು. ಕ್ಯಾಷಿಯರ್ ಅದನ್ನು ಹಿಡಿಯುತ್ತಿದ್ದರು. ಹಿಡಿದ ಕೂಡಲೇ ಹತ್ತರಲ್ಲಿ ಏಳೆಂಟು ಜನ ಮಾಡುತ್ತಿದ್ದ ಕೆಲಸ ಒಂದೇ. "ಸಾರ್, ಇದು ನೋಡಿ, ಖೋಟಾ ನೋಟು" ಎಂದು ಹೇಳಿ, ಅದನ್ನು ಮೇಜಿನ ಮೇಲಿಂದ ನನ್ನ ಕೈಗೇ ಕೊಡುತ್ತಿದ್ದರು! ನಾನು ಇಸಿದುಕೊಂಡು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಆಟ ಮುಗಿಯಿತು.

ಅವರಿಗೆ ನಿಯಮ ಗೊತ್ತಿರಲಿಲ್ಲ ಅಂತಲ್ಲ. ಹತ್ತು ನಿಮಿಷದ ಹಿಂದೆ ಕೇಳಿದ್ದರೆ 'ವಾಪಸ್ ಕೊಡಬಾರದು' ಎಂದು ಬಾಯಿಪಾಠ ಒಪ್ಪಿಸುತ್ತಿದ್ದರು. ಕೈಗೆ ಮಾತ್ರ ಗೊತ್ತಿರಲಿಲ್ಲ. ನಿಮ್ಮ 46 ಸ್ಲೈಡುಗಳ ತೊಂದರೆಯೂ ಇದೇ ಅಂತ ನನ್ನ ಅಂದಾಜು. ಸೂಚನೆ ಯಾವ ಕ್ರಮದಲ್ಲಿದೆಯೋ ಸ್ಲೈಡೂ ಅದೇ ಕ್ರಮದಲ್ಲಿರುತ್ತದೆ: ಮೊದಲು ಕಾನೂನು, ಆಮೇಲೆ ವ್ಯಾಖ್ಯೆ, ಆಮೇಲೆ ಯಾರು ಯಾರಿಗೆ ವರದಿ ಕಳಿಸಬೇಕು. ಕೌಂಟರಿನಲ್ಲಿ ಕೂತವನಿಗೆ ಬೇಕಾದ ಮೊದಲ ಎರಡು ನಿಮಿಷದ ಕೆಲಸ ಇಪ್ಪತ್ತನೇ ಸ್ಲೈಡಿನ ಹೊತ್ತಿಗೆ ಬರುತ್ತದೆ. ಅಷ್ಟರಲ್ಲಿ ಫೋನ್ ಹೊರಗೆ ಬಂದಿರುತ್ತದೆ.

ಸ್ಲೈಡನ್ನು ಕ್ಯಾಷಿಯರ್‌ನ ಕೈ ಹೋಗುವ ಕ್ರಮದಲ್ಲಿ ಜೋಡಿಸಿ. ಒಂದು ಸ್ಲೈಡಿಗೆ ಒಂದು ಕೆಲಸ. ಹತ್ತು ಹನ್ನೆರಡು ಸ್ಲೈಡ್ ಧಾರಾಳ ಸಾಕು. ಉಳಿದ ಮುಕ್ಕಾಲು ಗಂಟೆ ಮೇಜಿನ ಆಟಕ್ಕೂ ಫಾರಂ ತುಂಬಿಸುವುದಕ್ಕೂ ಇಟ್ಟುಕೊಳ್ಳಿ.

ಇಡೀ ಪಾಠಕ್ಕೆ ಒಂದೇ ಪ್ರಸಂಗ ಹಿಡಿದುಕೊಳ್ಳಿ. ನಾನು ಹೀಗೊಂದು ಕಟ್ಟಿಕೊಳ್ಳುತ್ತೇನೆ. ಮಂಗಳವಾರ ಬೆಳಗ್ಗೆ, ಜೂನ್ 10. ಪಕ್ಕದ ರಸ್ತೆಯ ದಿನಸಿ ಅಂಗಡಿಯವರು ₹41,500 ಕಟ್ಟಲು ಬಂದಿದ್ದಾರೆ. ಎಲ್ಲ 500ರ ನೋಟು, ಒಟ್ಟು 83. ಯಂತ್ರ ಮೂರು ನೋಟಿಗೆ ತಡೆದು ನಿಂತಿತು. ಇಲ್ಲಿಂದ ಶುರು.

ಮೊದಲ ಸ್ಲೈಡಿನಲ್ಲಿ ಒಂದೇ ಸಾಲು ಇರಲಿ: 'ನೋಟು ನಿಮ್ಮ ಕೈಯಲ್ಲೇ ಇರಲಿ.' ಬೇಕಾದರೆ ಕೌಂಟರಿನ ಒಂದು ಫೋಟೋ ಹಾಕಿ. ಮೂರು ನೋಟನ್ನು ಕಟ್ಟಿನಿಂದ ಬೇರೆ ಮಾಡಿ, ಗಿರಾಕಿಗೆ ಕಾಣುವ ಹಾಗೆ, ಆದರೆ ಅವರ ಕೈಗೆ ಎಟುಕದ ಹಾಗೆ ಇಡಬೇಕು. ಕಾಣುವ ಹಾಗೆ ಏಕೆಂದರೆ, ಮೇಜಿನ ಕೆಳಗೋ ಒಳಗಿನ ರೂಮಿಗೋ ಹೋದರೆ 'ನನ್ನ ನೋಟು ಸರಿಯಾಗೇ ಇತ್ತು, ನೀವೇ ಬದಲಾಯಿಸಿದಿರಿ' ಎಂಬ ಮಾತು ಬಂದೇ ಬರುತ್ತದೆ. ಅಧಿಕಾರಿಯನ್ನು ಕೌಂಟರಿಗೆ ಕರೆಯಬೇಕು, ನೋಟು ಹಿಡಿದುಕೊಂಡು ಅಧಿಕಾರಿಯ ಹತ್ತಿರ ಹೋಗಬಾರದು. ಕೌಂಟರು, ಹಾಲು ಎಲ್ಲ ಕ್ಯಾಮೆರಾದ ಕೆಳಗೆ ಇರಬೇಕು, ರೆಕಾರ್ಡಿಂಗ್ ಉಳಿಸಿಕೊಳ್ಳಬೇಕು ಎಂದು ಆರ್‌ಬಿಐ ಹೇಳಿದೆ. ಅದರಿಂದ ಕ್ಯಾಷಿಯರ್‌ಗೂ ರಕ್ಷಣೆ ಇದೆ ಎನ್ನುವುದನ್ನು ಹೊಸಬರಿಗೆ ಹೇಳಿ.

ಎರಡನೇ ಸ್ಲೈಡು ನೋಡುವುದು. ಇಲ್ಲಿ ಎಲ್ಲರೂ ತಪ್ಪುತ್ತಾರೆ. 500ರ ನೋಟಿನ ದೊಡ್ಡ ಚಿತ್ರ ಹಾಕಿ ಹದಿನೇಳು ಬಾಣ ಬಿಡಿಸುತ್ತಾರೆ. ಕ್ಯೂ ನಿಂತಿರುವಾಗ ಹದಿನೇಳು ಗುರುತು ಯಾರು ನೋಡುತ್ತಾರೆ? ನಾನು ಮೂರು ಕೆಲಸ ಮಾತ್ರ ಹೇಳಿಕೊಡುತ್ತೇನೆ: ಓರೆ ಮಾಡು, ಮುಟ್ಟು, ಬೆಳಕಿಗೆ ಹಿಡಿ.

ಓರೆ ಮಾಡಿದಾಗ ನೋಟಿನೊಳಗಿನ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ಕೆಳಗೆ ಬಲಗಡೆ ಇರುವ ₹500 ಎಂಬ ಅಂಕಿಯೂ ಹಾಗೇ ಹಸಿರಿನಿಂದ ನೀಲಿಗೆ ಹೋಗಬೇಕು. ಖೋಟಾ ನೋಟಿನಲ್ಲಿ ಹೊಳಪು ಇರಬಹುದು, ಬಣ್ಣ ಬದಲಾಗುವುದಿಲ್ಲ. ಮುಟ್ಟಿದಾಗ ಎಡ ಬಲ ಎರಡೂ ಅಂಚಿನಲ್ಲಿರುವ ಐದೈದು ಓರೆ ಗೆರೆ ಬೆರಳಿಗೆ ಉಬ್ಬಾಗಿ ಸಿಗಬೇಕು. ಗಾಂಧಿ ಚಿತ್ರ, ಅಶೋಕ ಸ್ತಂಭ ಕೂಡ ಉಬ್ಬು ಮುದ್ರಣವೇ. ದೃಷ್ಟಿ ಇಲ್ಲದವರಿಗೆಂದು ಮಾಡಿದ ಗುರುತುಗಳಿವು, ಆದರೆ ಕ್ಯಾಷಿಯರ್‌ನ ಹೆಬ್ಬೆರಳಿಗೂ ಇಷ್ಟು ಚೆನ್ನಾಗಿ ಕೆಲಸಕ್ಕೆ ಬರುವುದು ಬೇರೆ ಯಾವುದೂ ಇಲ್ಲ. ಬೆಳಕಿಗೆ ಹಿಡಿದಾಗ ಖಾಲಿ ಜಾಗದಲ್ಲಿ ಗಾಂಧಿಯ ನೀರುಗುರುತೂ 500 ಅಂಕಿಯೂ ಕಾಣಬೇಕು. ಬೆಳಕಿಗೆ ಹಿಡಿಯದೆ ಸುಮ್ನೆ ಮೇಜಿನ ಮೇಲೆ ಇಟ್ಟಾಗಲೇ ಗಾಂಧಿ ಬೂದಿ ಬಣ್ಣದಲ್ಲಿ ಢಾಳಾಗಿ ಕಂಡರೆ, ಅದು ನೀರುಗುರುತಲ್ಲ, ಮೇಲಿಂದ ಅಚ್ಚು ಹಾಕಿದ್ದು.

ಒಂದಕ್ಕಿಂತ ಹೆಚ್ಚು ನೋಟಿನ ಮೇಲೆ ಅನುಮಾನ ಬಂದರೆ ನಾಲ್ಕನೇ ಕೆಲಸ ಒಂದಿದೆ. ನಂಬರುಗಳನ್ನು ಪಕ್ಕಪಕ್ಕ ಇಟ್ಟು ಓದಿ. ಎರಡು ಅಸಲಿ ನೋಟಿಗೆ ಒಂದೇ ನಂಬರು ಬಂದರೂ ನಂಬರಿನ ಜಾಗದಲ್ಲಿ ಅಚ್ಚಾದ ಒಳಅಕ್ಷರವೋ ಮುದ್ರಣದ ವರ್ಷವೋ ಗವರ್ನರ್ ಸಹಿಯೋ ಬೇರೆ ಇರುತ್ತದೆ, ಎಲ್ಲವೂ ಒಂದೇ ಆಗಿರುವುದಿಲ್ಲ. ಖೋಟಾ ಮಾಡುವವರು ಒಂದೇ ಅಚ್ಚಿನಿಂದ ರಾಶಿ ರಾಶಿ ತೆಗೆಯುವುದರಿಂದ ನಂಬರು ಮರುಕಳಿಸುವುದು ಸಾಮಾನ್ಯ. ಜೊತೆಗೆ ಅಸಲಿ ನೋಟಿನಲ್ಲಿ ನಂಬರಿನ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗುತ್ತವೆ. ನಮ್ಮ ಅಂಗಡಿಯವರ ಮೂರು ನೋಟಿನಲ್ಲಿ ಎರಡಕ್ಕೆ ನಂಬರು, ಒಳಅಕ್ಷರ, ವರ್ಷ, ಸಹಿ ಎಲ್ಲ ಒಂದೇ ಎಂದು ಪ್ರಸಂಗದಲ್ಲಿ ಸೇರಿಸಿಕೊಳ್ಳಿ. ತರಗತಿಯಲ್ಲಿ ಯಾರಾದರೂ ಅದನ್ನು ತಾವಾಗಿ ಕಂಡುಹಿಡಿದರೆ ಆ ಪಾಠ ಮರೆಯುವುದಿಲ್ಲ.

ಅದರ ಬೆನ್ನಿಗೇ 'ಇವು ಖೋಟಾ ಅಲ್ಲ' ಎಂಬ ಸ್ಲೈಡು ಹಾಕಿ. ಹೊಸಬರು ಉತ್ಸಾಹದಲ್ಲಿ ಅಸಲಿ ನೋಟಿಗೂ ಮೊಹರು ಒತ್ತುತ್ತಾರೆ, ಆಮೇಲೆ ಅದನ್ನು ಅಳಿಸುವ ಹಾಗಿಲ್ಲ. ನಂಬರಿನ ನಡುವೆ ನಕ್ಷತ್ರ ಇರುವ ನೋಟು ಬಂದರೆ ಗಾಬರಿ ಬೇಡ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸುವ ನೋಟು ಅದು. ಅದು ಚಲಾವಣೆಗೆ ಸರಿಯಾದ ನೋಟೇ ಎಂದು 2023ರ ಜುಲೈನಲ್ಲಿ ಆರ್‌ಬಿಐ ಸ್ಪಷ್ಟವಾಗಿ ಹೇಳಿತು. 'ಹಸಿರು ದಾರ ಗಾಂಧಿ ಹತ್ತಿರ ಇದ್ದರೆ ಖೋಟಾ, ಗವರ್ನರ್ ಸಹಿ ಹತ್ತಿರ ಇದ್ದರೆ ಅಸಲಿ' ಎಂಬ ವಾಟ್ಸಾಪ್ ಸಂದೇಶ ನಿಮ್ಮ ತರಗತಿಯಲ್ಲೂ ಕನಿಷ್ಠ ಇಬ್ಬರ ಫೋನಿನಲ್ಲಿ ಇರುತ್ತದೆ. ಅದು ಸುಳ್ಳು. ಇನ್ನೊಂದು, ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹೋಗಿ ಬಂದ ನೋಟು. ಅಸಲಿ ನೋಟಿನ ಕಾಗದ ನೇರಳೆ ದೀಪದ ಕೆಳಗೆ ಮಂಕಾಗಿರುತ್ತದೆ, ಅಂಗಡಿಯ ಮಾಮೂಲಿ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ. ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಿಸುವ ವಸ್ತು ಇರುತ್ತದಲ್ಲ, ಅದು ಅಂಟಿಕೊಂಡರೆ ಅಸಲಿ ನೋಟೂ ಹೊಳೆಯುತ್ತದೆ. ದೀಪ ಒಂದನ್ನೇ ನಂಬಬೇಡಿ ಎಂದು ನಾನು ಹೇಳುವುದು ಇದಕ್ಕೇ. ಯಂತ್ರ ತಡೆದ ಮಾತ್ರಕ್ಕೂ ಖೋಟಾ ಆಗುವುದಿಲ್ಲ. ಗಲ್ಲಾಪೆಟ್ಟಿಗೆಯಿಂದ ಒಂದು ಅಸಲಿ 500 ತೆಗೆದು ಪಕ್ಕದಲ್ಲಿಟ್ಟು, ಮೂರು ಕೆಲಸ ಮತ್ತೆ ಮಾಡಿ, ಅಧಿಕಾರಿಯೂ ನೋಡಿ ಒಪ್ಪಿದ ಮೇಲೇ ಮೊಹರು.

ಮುಂದಿನ ಸ್ಲೈಡಿನಲ್ಲಿ ಮಾತು ಇರಲಿ. ಹೌದು, ಕ್ಯಾಷಿಯರ್ ಆಡಬೇಕಾದ ಮಾತನ್ನೇ ಅಕ್ಷರಕ್ಕೆ ಅಕ್ಷರ ಬರೆದು ಹಾಕಿ. ಈಗ ನಮ್ಮ ಶಾಖೆಗಳಿಗೆ ಬೇರೆ ರಾಜ್ಯಗಳಿಂದ ಬಂದವರು ಜಾಸ್ತಿ. ಅವರಿಗೆ ನಿಯಮ ಇಂಗ್ಲಿಷಿನಲ್ಲಿ ಗೊತ್ತಿರುತ್ತದೆ, ಕೋಪಗೊಂಡ ಅಂಗಡಿಯವರಿಗೆ ಕನ್ನಡದಲ್ಲಿ ಏನು ಹೇಳಬೇಕು ಎಂದು ಗೊತ್ತಿರುವುದಿಲ್ಲ. ಬಾಯಿಗೆ ಬಂದ ಒಂದೇ ಪದ ಒದರಿ ಜಗಳಕ್ಕೆ ದಾರಿ ಮಾಡುತ್ತಾರೆ. ನನ್ನ ಸ್ಲೈಡಿನಲ್ಲಿ ಇದ್ದ ಮಾತು ಇದು:

"ಸಾರ್, ಇದರಲ್ಲಿ ಮೂರು ನೋಟು ಖೋಟಾ ಇದೆ. ನಿಮಗೂ ಯಾರೋ ಕೊಟ್ಟಿರ್ತಾರೆ. ಆದ್ರೆ ವಾಪಸ್ ಕೊಡೋಕೆ ನಮಗೆ ಅಧಿಕಾರ ಇಲ್ಲ. ಇಲ್ಲೇ ನಿಮ್ಮ ಮುಂದೆ ಸೀಲ್ ಹಾಕಿ ರಸೀದಿ ಕೊಡ್ತೀವಿ."

'ನಿಮಗೂ ಯಾರೋ ಕೊಟ್ಟಿರ್ತಾರೆ' ಎಂಬ ಮಾತನ್ನು ಬಿಡಬೇಡಿ. ಅದು ಬರೀ ಉಪಚಾರವಲ್ಲ. ಖೋಟಾ ಎಂದು ಗೊತ್ತಿದ್ದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಚಲಾಯಿಸಿದರೆ ಮಾತ್ರ ಅಪರಾಧ ಎಂದು ಕಾನೂನು ಹೇಳುತ್ತದೆ. ಮುಂದೆ ನಿಂತವರು ಯಾವ ಬಗೆಯವರು ಎಂದು ತೀರ್ಮಾನ ಮಾಡುವುದು ಕ್ಯಾಷಿಯರ್ ಕೆಲಸವಲ್ಲ.

ಗಿರಾಕಿಯ ಕಡೆಯಿಂದ ಬರುವ ಮಾತುಗಳಿಗೂ ಉತ್ತರ ಸಿದ್ಧ ಇರಲಿ. "ಹಾಗಾದ್ರೆ ಹರಿದು ಬಿಸಾಕಿ" ಎನ್ನುತ್ತಾರೆ. ಬ್ಯಾಂಕು ಖೋಟಾ ನೋಟನ್ನು ನಾಶ ಮಾಡುವ ಹಾಗೂ ಇಲ್ಲ. "ನನಗೆ ಕಟ್ಟೋದೇ ಬೇಡ, ಎಲ್ಲ ವಾಪಸ್ ಕೊಡಿ" ಎನ್ನುತ್ತಾರೆ. ಅಸಲಿ 80 ನೋಟು ಬೇಕಾದರೆ ತೆಗೆದುಕೊಂಡು ಹೋಗಬಹುದು, ಆ ಮೂರು ಮಾತ್ರ ಹೋಗುವುದಿಲ್ಲ. ತುಂಬ ಬೇಕಾದ ಗಿರಾಕಿ, ದಿನಾ ಬರುವವರು, ಮ್ಯಾನೇಜರ್ ಪರಿಚಯ. ಇವರ ಮುಂದೆಯೇ ಕೈ ಸಡಿಲವಾಗುವುದು. ಒಂದು ಶಾಖೆಯಲ್ಲಿ ಕ್ಯಾಷಿಯರ್ ಒಬ್ಬರು ವಯಸ್ಸಾದ ಅಜ್ಜಿಯ ಮೇಲೆ ಕನಿಕರ ಬಂದು, "ಅಮ್ಮ, ಇದು ನಡೆಯಲ್ಲ, ಕೊಟ್ಟವರ ಹತ್ರ ಬದಲಾಯಿಸ್ಕೊಳ್ಳಿ" ಎಂದು ಕೊಟ್ಟು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಅಜ್ಜಿ ಸೀದಾ ಪಕ್ಕದ ಕೌಂಟರಿಗೆ ಹೋದರು. ಅಲ್ಲಿ ಹಿಡಿದರು. "ಆ ಹುಡುಗ ಸರಿ ಇದೆ ಅಂತ ವಾಪಸ್ ಕೊಟ್ಟ" ಎಂದರು ಅಜ್ಜಿ! ಖೋಟಾ ಎಂದು ಕಂಡ ಮೇಲೂ ಮುಟ್ಟುಗೋಲು ಹಾಕದೆ ಬಿಟ್ಟರೆ, ಬ್ಯಾಂಕು ಬೇಕೆಂದೇ ಖೋಟಾ ನೋಟು ಹರಡಲು ಕೈಜೋಡಿಸಿದೆ ಎಂದೇ ಆರ್‌ಬಿಐ ಲೆಕ್ಕ ಹಾಕುತ್ತದೆ, ದಂಡವೂ ಬೀಳುತ್ತದೆ. ಕನಿಕರ, ಮರೆವು ಎಂಬ ಕಲಂ ಅದರಲ್ಲಿ ಇಲ್ಲ.

ಇನ್ನು ಮೊಹರು, ರಿಜಿಸ್ಟರ್, ರಸೀದಿ. ಮೂರಕ್ಕೂ ಬೇರೆ ಬೇರೆ ಸ್ಲೈಡು ಮಾಡಿ. ಆದರೆ ವಿವರಣೆ ಬರೆಯಬೇಡಿ, ತುಂಬಿದ ನಮೂನೆಯನ್ನೇ ತೋರಿಸಿ. ಮೊಹರು 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ. ಖೋಟಾ ನೋಟು, ಮುಟ್ಟುಗೋಲು ಹಾಕಿದೆ ಎಂಬ ಅರ್ಥದ ಇಂಗ್ಲಿಷ್ ಬರಹ, ಕೆಳಗೆ ಬ್ಯಾಂಕು, ಶಾಖೆ, ತಾರೀಖು, ಸಹಿಗೆ ಜಾಗ. ಮೊಹರು ಒತ್ತಿ ತಾರೀಖು, ಸಹಿ ಖಾಲಿ ಬಿಡುವುದು ಮಾಮೂಲಿ ತಪ್ಪು. ಒಂದೊಂದು ನೋಟೂ ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಾಗಬೇಕು, ಅದಕ್ಕೆ ಸಹಿಯೂ ಬೀಳಬೇಕು.

ರಸೀದಿಯ ಹತ್ತಿರ ಸ್ವಲ್ಪ ನಿಲ್ಲಿ. ಅದು ಕ್ರಮಸಂಖ್ಯೆ ಹಾಕಿದ ರಸೀದಿ. ಕೊಟ್ಟವರ ಹೆಸರು, ವಿಳಾಸ, ನೋಟಿನ ನಂಬರು, ಮುಖಬೆಲೆ, ಒಟ್ಟು ಎಷ್ಟು ನೋಟು, ಕೊನೆಗೆ ಇಬ್ಬರ ಸಹಿ. ಇವೆಲ್ಲ ಯಾರಾದರೂ ತುಂಬುತ್ತಾರೆ. ನಡುವೆ ಒಂದು ಕಲಂ ಇದೆ: ಯಾವ ಲಕ್ಷಣದಿಂದ ಖೋಟಾ ಎಂದು ತೀರ್ಮಾನಿಸಿದಿರಿ? ಅಲ್ಲಿ ನೂರಕ್ಕೆ ತೊಂಬತ್ತು ಜನ ಬರೆಯುವುದು 'ಖೋಟಾ' ಎಂದು. ಅಥವಾ 'ಯಂತ್ರ ತಿರಸ್ಕರಿಸಿತು'. ಅದು ಉತ್ತರ ಆಗುವುದಿಲ್ಲ. ನಾಳೆ ಈ ಕಾಗದ ಪೊಲೀಸರ ಕೈಗೆ, ಕೋರ್ಟಿಗೆ ಹೋಗಬಹುದು. ಅಲ್ಲಿ ಕ್ಯಾಷಿಯರ್ ಕಣ್ಣಿಗೂ ಬೆರಳಿಗೂ ಏನು ಸಿಕ್ಕಿತೋ ಅದು ಬರಬೇಕು: 'ದಾರದ ಬಣ್ಣ ಬದಲಾಗುವುದಿಲ್ಲ. ಅಂಚಿನ ಗೆರೆ ಉಬ್ಬಿಲ್ಲ. ಒಂದನೇ ಮತ್ತು ಮೂರನೇ ನೋಟಿಗೆ ನಂಬರು, ಒಳಅಕ್ಷರ, ವರ್ಷ, ಸಹಿ ಎಲ್ಲ ಒಂದೇ.' ಎರಡನೇ ಸ್ಲೈಡಿನ ಮೂರು ಕೆಲಸ ಇಲ್ಲಿ ಬಂದು ಕೂಡಿಕೊಳ್ಳುತ್ತದೆ ನೋಡಿ. ನೋಡುವಾಗಲೇ ಈ ಕಲಂ ಮನಸ್ಸಿನಲ್ಲಿದ್ದರೆ ನೋಡುವುದೂ ಸರಿಯಾಗುತ್ತದೆ.

ಗಿರಾಕಿ ಸಹಿ ಹಾಕಲ್ಲ ಎಂದರೆ? ಆಗಲೂ ರಸೀದಿ ಕೊಡಲೇಬೇಕು. ಹೊಸಬರು ತಿಳಿದುಕೊಳ್ಳುವುದು ಉಲ್ಟಾ: ಸಹಿ ಹಾಕದಿದ್ದರೆ ರಸೀದಿ ಇಲ್ಲ ಅಂತ. ರಸೀದಿ ಗಿರಾಕಿಯ ಹಕ್ಕು. ಅದರ ಬಗ್ಗೆ ಶಾಖೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಬೋರ್ಡು ಹಾಕಿರಬೇಕು ಎಂದೂ ಇದೆ. ನಿಮ್ಮ ಶಾಖೆಯ ಬೋರ್ಡಿನ ಫೋಟೋ ತೆಗೆದು ಸ್ಲೈಡಿಗೆ ಹಾಕಿ. ಬೋರ್ಡು ಇಲ್ಲದಿದ್ದರೆ, ಅದನ್ನು ಹಾಕಿಸುವುದು ನಿಮ್ಮ ಮೊದಲ ಕೆಲಸ.

ಲೆಕ್ಕದ ಸ್ಲೈಡು ಚಿಕ್ಕದು. 83ರಲ್ಲಿ ಮೂರು ಕಳೆದರೆ 80. ಖಾತೆಗೆ ಜಮೆ ₹40,000. ಹಳೇ ಚಲನ್ ಮೇಲೆ ಗೀಚಿ ತಿದ್ದುವುದಕ್ಕಿಂತ ಹೊಸದು ಬರೆಸಿಕೊಳ್ಳುವುದು ಒಳ್ಳೆಯದು. ಖೋಟಾ ನೋಟಿಗೆ ಒಂದು ರೂಪಾಯಿಯೂ ಜಮೆ ಇಲ್ಲ. ಕೌಂಟರಿನಲ್ಲಿ ತಪ್ಪಿಸಿಕೊಂಡು ಒಳಗೆ ಹಣ ವಿಂಗಡಿಸುವಾಗ ಅಥವಾ ಕರೆನ್ಸಿ ಚೆಸ್ಟ್‌ನಲ್ಲಿ ಸಿಕ್ಕಿದರೂ ಇದೇ ನಿಯಮ. ಆದರೆ ಆಗ ಯಾರ ಕಟ್ಟಿನದು ಎಂದು ತೋರಿಸುವುದು ಎಷ್ಟು ಕಷ್ಟ ಎಂದು ಕಟ್ಟು ಬಿಚ್ಚಿ ಬೆರೆಸಿದವರಿಗೇ ಗೊತ್ತು. ಕೌಂಟರಿನಲ್ಲೇ ಯಂತ್ರಕ್ಕೆ ಹಾಕಿ ನೋಡಿ ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಡ.

ಈಗ ಬರುವುದು ಇಡೀ ಪಾಠದಲ್ಲಿ ನೆನಪಿಡಬೇಕಾದ ಒಂದೇ ಸಂಖ್ಯೆ. ಸ್ಲೈಡಿನ ತುಂಬ ದೊಡ್ಡದಾಗಿ ಬರೆಯಿರಿ: 'ನಾಲ್ಕೋ, ಐದೋ?'

ಒಂದು ವ್ಯವಹಾರದಲ್ಲಿ ಸಿಕ್ಕಿದ ಖೋಟಾ ನೋಟು ನಾಲ್ಕರವರೆಗೆ ಇದ್ದರೆ, ತಿಂಗಳ ಕೊನೆಯಲ್ಲಿ ಎಲ್ಲವನ್ನೂ ಒಟ್ಟು ಮಾಡಿ ಒಂದೇ ವರದಿ ಬರೆದು, ನೋಟುಗಳ ಸಮೇತ ಪೊಲೀಸರಿಗೆ ಕಳಿಸಬೇಕು. ಐದು ಅಥವಾ ಹೆಚ್ಚು ಇದ್ದರೆ ತಿಂಗಳ ಕೊನೆಯವರೆಗೆ ಕಾಯುವ ಹಾಗಿಲ್ಲ. ಕೂಡಲೇ ನೋಟುಗಳನ್ನು ಗೊತ್ತುಮಾಡಿದ ಪೊಲೀಸ್ ಠಾಣೆಗೆ ಕಳಿಸಿ ಎಫ್‌ಐಆರ್ ದಾಖಲಿಸಬೇಕು. ನಮ್ಮ ಅಂಗಡಿಯವರದು ಮೂರು. ಹಾಗಾಗಿ ಜೂನ್ 30ರ ವರದಿಗೆ ಸೇರುತ್ತದೆ. ರಸೀದಿ ತೆಗೆದುಕೊಂಡು ಅವರು ಮನೆಗೆ ಹೋಗಬಹುದು.

ಈಗ ಅದೇ ಕಟ್ಟಿನಲ್ಲಿ ಆರು ಇತ್ತು ಎಂದು ಬದಲಾಯಿಸಿ. ಜಮೆ ₹38,500. ಮೊಹರು, ರಿಜಿಸ್ಟರ್, ರಸೀದಿ ಎಲ್ಲ ಅದೇ. ಬದಲಾಗುವುದು ಪೊಲೀಸ್ ಠಾಣೆಯ ದಾರಿ ಮಾತ್ರ. ಇಲ್ಲೇ ಶಾಖೆಗಳಲ್ಲಿ ಬುದ್ಧಿವಂತಿಕೆ ಶುರುವಾಗುತ್ತದೆ. 'ಎಫ್‌ಐಆರ್ ಅಂದ್ರೆ ಠಾಣೆಗೆ ಅಲೆಯಬೇಕು, ಪಾಪ ಗಿರಾಕಿಗೂ ತೊಂದರೆ. ಮೂರು ಇವತ್ತು ಬರೆಯೋಣ, ಮೂರು ನಾಳೆ ಬರೆಯೋಣ.' ಅಥವಾ ಎರಡು ನೋಟು ಮೆಲ್ಲಗೆ ವಾಪಸ್. ತರಗತಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹಿರಿಯರೊಬ್ಬರು ಅವರಿಗೆ ಇದನ್ನು 'ಅನುಭವದ ಮಾತು' ಎಂದು ಕಲಿಸಿಬಿಡುತ್ತಾರೆ. ಒಂದೇ ಸಲ ಕೊಟ್ಟದ್ದನ್ನು ಎರಡು ದಿನಕ್ಕೆ ಹಂಚಿ ಬರೆದರೆ ಅದು ಸುಳ್ಳು ದಾಖಲೆ, ಕ್ಯಾಮೆರಾದಲ್ಲಿ ಬೇರೆಯೇ ಕಥೆ ಇರುತ್ತದೆ.

ಒಬ್ಬ ಜಾಣ ಹುಡುಗ ಅಥವಾ ಹುಡುಗಿ ಇಲ್ಲಿ ಕೈ ಎತ್ತಿ ಕೇಳಬೇಕು: ಅದೇ ಮನುಷ್ಯ ಸೋಮವಾರ ಮೂರು, ಗುರುವಾರ ಮೂರು ತಂದರೆ? ಅವು ಎರಡು ವ್ಯವಹಾರ. ಲೆಕ್ಕದಲ್ಲಿ ಎರಡೂ ನಾಲ್ಕರ ಒಳಗೇ. ಆದರೆ ಕ್ಯಾಷಿಯರ್ ಅದನ್ನು ಮ್ಯಾನೇಜರ್ ಗಮನಕ್ಕೆ ತರಬೇಕು. ಒಬ್ಬರೇ ಮತ್ತೆ ಮತ್ತೆ ತರುತ್ತಿದ್ದರೆ ಅದು ಸಂಶಯಾಸ್ಪದ ವ್ಯವಹಾರದ ವರದಿಗೆ ಹೋಗಬೇಕೋ ಎಂದು ಮೇಲಿನವರು ನೋಡುತ್ತಾರೆ. ಮೇಲಕ್ಕೆ ಹೇಳಿದ್ದೇವೆ ಎಂದು ಗಿರಾಕಿಗೆ ಮಾತ್ರ ಹೇಳಬಾರದು.

ಪೊಲೀಸರಿಗೆ ಕೊಟ್ಟ ಮೇಲೆ ಕೈತೊಳೆದುಕೊಂಡ ಹಾಗಲ್ಲ. ಅವರಿಂದ ಸ್ವೀಕೃತಿ ಪತ್ರ ಬರಬೇಕು. ಶಾಖೆಯ ತಪಾಸಣೆಗೆ ಬಂದವರು ಮೊದಲು ಕೇಳುವ ಕಾಗದ ಅದೇ, ಫೈಲಿನಲ್ಲಿ ಇಲ್ಲದಿರುವುದೂ ಅದೇ. ವರದಿಯ ಪ್ರತಿ ಮುಖ್ಯ ಕಚೇರಿಯ ಖೋಟಾ ನೋಟು ಜಾಗೃತ ಘಟಕಕ್ಕೂ ಹೋಗಬೇಕು. ಅದರ ಜೊತೆಗೆ ಇನ್ನೊಂದು ದಾರಿ ಇದೆ, ಹೊಸಬರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ನಿಯಮದಂತೆ ಖೋಟಾ ನೋಟಿನ ವರದಿ ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ, ಅಂದರೆ ಎಫ್‌ಐಯುಗೆ ಹೋಗುತ್ತದೆ. ಜೂನ್ ತಿಂಗಳದು ಜುಲೈ 15ರ ಒಳಗೆ ತಲುಪಬೇಕು. ಕಳಿಸುವವರು ಬ್ಯಾಂಕಿನ ಪ್ರಧಾನ ಅಧಿಕಾರಿ, ಶಾಖೆಯ ಕ್ಲರ್ಕ್ ಅಲ್ಲ. ಕ್ಲರ್ಕ್‌ಗೆ ಗೊತ್ತಿರಬೇಕಾದ್ದು ಇಷ್ಟೇ: ಆ ವರದಿಯ ಒಂದೊಂದು ಅಂಕಿಯೂ ನಾನು ಬರೆದ ರಿಜಿಸ್ಟರಿನಿಂದ ಹೋಗುತ್ತದೆ. ನೋಟಿನ ನಂಬರು ತಪ್ಪು ಬರೆದರೆ ದೆಹಲಿಯವರೆಗೂ ತಪ್ಪೇ ಹೋಗುತ್ತದೆ. ಎರಡು ಬಾಣ ಬಿಡಿಸಿ, ಒಂದು ಠಾಣೆಗೆ, ಒಂದು ದೆಹಲಿಗೆ. ಸ್ಲೈಡ್ ಮುಗಿಯಿತು.

ಕಾನೂನಿಗೆ ಕೊನೆಯ ಒಂದು ಸ್ಲೈಡು ಕೊಡಿ. ಹಳೆಯ ಸ್ಲೈಡುಗಳಲ್ಲಿ ಇನ್ನೂ ಭಾರತೀಯ ದಂಡ ಸಂಹಿತೆಯ 489ಎ, 489ಬಿ ಎಂದೇ ಇರುತ್ತದೆ. ನಿಮ್ಮದರಲ್ಲೂ ಇರಬಹುದು, ನೋಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಈಗ ಅದರ 178ರಿಂದ 182ರವರೆಗಿನ ಕಲಂಗಳು. ಆರ್‌ಬಿಐ ತನ್ನ ಸೂಚನೆಯನ್ನೂ ಕಾಲಕಾಲಕ್ಕೆ ಹೊಸದು ಮಾಡುತ್ತದೆ. ಹಾಗಾಗಿ ಪ್ರತಿ ಸ್ಲೈಡಿನ ಮೂಲೆಯಲ್ಲಿ ನೀವು ನೋಡಿದ ಸೂಚನೆಯ ತಾರೀಖು ಬರೆಯಿರಿ. ಎರಡು ವರ್ಷದ ಮೇಲೆ ನಿಮ್ಮ ಜಾಗಕ್ಕೆ ಬಂದವರು ಇದನ್ನೇ ತೋರಿಸುತ್ತಾರೆ, ಆಗ ಅವರಿಗೆ ಅನುಮಾನವಾದರೂ ಬರಲಿ.

ಆ 182ನೇ ಕಲಂ ನಿಮಗೂ ಸಂಬಂಧಪಟ್ಟದ್ದು. ನೋಟಿನ ಹಾಗೆ ಕಾಣುವ ಕಾಗದ ಮಾಡುವುದೇ ಅಪರಾಧ ಎಂದು ಅದು ಹೇಳುತ್ತದೆ. ದಂಡ 300 ರೂಪಾಯಿವರೆಗೆ, ದೊಡ್ಡದೇನಲ್ಲ. ಆದರೆ ಖೋಟಾ ನೋಟಿನ ಪಾಠ ಮಾಡುವವರೇ ಅದರಲ್ಲಿ ಸಿಕ್ಕಿಬಿದ್ದರೆ ಹೇಗಿರುತ್ತೆ, ಅಲ್ವಾ? ತರಬೇತಿಗೆಂದು 500ರ ನೋಟನ್ನು ಎರಡೂ ಬದಿ ಕಲರ್ ಪ್ರಿಂಟ್ ತೆಗೆದು 22 ಜನಕ್ಕೆ ಹಂಚಬೇಡಿ. ಚಿತ್ರ ಪರದೆಯ ಮೇಲೆ ಮಾತ್ರ ಇರಲಿ. ಆರ್‌ಬಿಐ ನಡೆಸುವ `paisaboltahai.rbi.org.in` ತಾಣದಲ್ಲಿ ಒಂದೊಂದು ನೋಟಿನ ಗುರುತುಗಳೂ ಇವೆ. ಮುಟ್ಟಿ ನೋಡಲು ಅಸಲಿ ನೋಟೇ ಬೇಕು. ಗಲ್ಲಾಪೆಟ್ಟಿಗೆಯ ಹಣ ತರಗತಿಗೆ ತರಬೇಡಿ, ಪ್ರತಿಯೊಬ್ಬರೂ ತಮ್ಮ ಪರ್ಸಿನ ಒಂದು 500 ತೆಗೆಯಲಿ. ಕಣ್ಣು ಮುಚ್ಚಿ ಅಂಚಿನ ಐದು ಗೆರೆ ಹುಡುಕಲಿ. ಹಿಂಬದಿ ತಿರುಗಿಸಿ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲಿನ ಕನ್ನಡವನ್ನು ಬೇರೆ ರಾಜ್ಯದವರಿಗೂ ತೋರಿಸಿ. ಮೈಸೂರಿನಲ್ಲೇ ನೋಟು ಅಚ್ಚು ಹಾಕುವ ಮುದ್ರಣಾಲಯ ಇದೆ ಎಂದರೆ ಅವರು ಹುಬ್ಬೇರಿಸುತ್ತಾರೆ. ಅಷ್ಟು ಹೊತ್ತಾದರೂ ಫೋನ್ ಕೆಳಗಿರುತ್ತದೆ.

ಆಟಕ್ಕೆ ಬಿಳಿ ಕಾಗದ ಸಾಕು. ನೋಟಿನ ಅಳತೆ 150 ಮಿಲಿಮೀಟರ್ ಉದ್ದ, 66 ಅಗಲ. ಮೂರು ಕಾಗದದ ಮೇಲೆ ಪೆನ್ಸಿಲಿನಲ್ಲಿ ನಂಬರು ಬರೆದು, 'ದಾರ ಬಣ್ಣ ಬದಲಿಸದು' 'ಗೆರೆ ಉಬ್ಬಿಲ್ಲ' ಎಂದು ಗುರುತು ಹಾಕಿ ಕಟ್ಟಿಗೆ ಸೇರಿಸಿ. ಒಂದು ಕಟ್ಟಿನಲ್ಲಿ ಮೂರು, ಇನ್ನೊಂದರಲ್ಲಿ ಆರು. ಒಂದರಲ್ಲಿ ನಕ್ಷತ್ರದ ನಂಬರಿನ ಅಸಲಿ ನೋಟು ಮಾತ್ರ. ಗಿರಾಕಿ ಪಾತ್ರಕ್ಕೆ ನಿಮ್ಮ ಶಾಖೆಯ ಹಳೇ ಕ್ಯಾಷಿಯರ್ ಒಬ್ಬರನ್ನು ಕರೆಯಿರಿ. ಅಳುವುದು, ಬೈಯುವುದು, ಮ್ಯಾನೇಜರ್ ಹೆಸರು ಹೇಳುವುದು ಎಲ್ಲ ಅವರಿಗೆ ಬರುತ್ತದೆ, ಮೂವತ್ತು ವರ್ಷ ನೋಡಿದ್ದಾರೆ. ನೀವು ಕ್ಯಾಷಿಯರ್ ಪಾತ್ರದವರ ಮುಖ ನೋಡಬೇಡಿ, ಕೈ ನೋಡಿ. ನೋಟು ಮೇಜಿನ ಆಚೆ ಹೋದ ಕೂಡಲೇ ಅಲ್ಲಿಗೇ ನಿಲ್ಲಿಸಿ, ಮೊದಲ ಸ್ಲೈಡಿನಿಂದ ಮತ್ತೆ.